ಬಾಕಿ ಹಣ ಬಾರದಿದ್ದಾಗ ಕ್ರಯದ ಕರಾರು ರದ್ದತಿ ಮತ್ತು ಮುಂಗಡ

ಪ್ರಶ್ನೆ (ಹೊಳಲ್ಕೆರೆ): ವಕೀಲರೇ, ನನ್ನ 2 ಎಕರೆ ಅಡಿಕೆ ತೋಟವನ್ನು 40 ಲಕ್ಷಕ್ಕೆ ಮಾರಲು ನೋಂದಣಿಯಿಲ್ಲದ ಕರಾರು ಮಾಡಿಕೊಂಡು 8 ಲಕ್ಷ ಮುಂಗಡ ಪಡೆದಿದ್ದೇನೆ. ಆರು ತಿಂಗಳ ಗಡುವು ಮುಗಿದರೂ ಬಾಕಿ ಬಂದಿಲ್ಲ. ತಪ್ಪಿದರೆ ಮುಂಗಡ ಮುಟ್ಟುಗೋಲು ಎಂದು ಬರೆದಿದೆ. ಬೇರೆಯವರಿಗೆ ಮಾರಬಹುದೇ?

ಸದಸ್ಯರು (ದಾವಣಗೆರೆ): ಗಡುವು ಮುಗಿದ ಮೇಲೆ ಕರಾರು ತಾನಾಗಿಯೇ ಬಿದ್ದುಹೋಗುತ್ತದೆ. ಮುಂಗಡ ನಿಮ್ಮದೇ, ಧೈರ್ಯವಾಗಿ ಮಾರಿ.

ವಕೀಲರು (ಚಿತ್ರದುರ್ಗ): ಮುಟ್ಟುಗೋಲಿನ ಷರತ್ತಿಗೆ ಬೆಲೆ ಇದೆ ಎಂಬಷ್ಟು ಸರಿ, ಉಳಿದದ್ದು ಅಪಾಯದ ಮಾತು. ಸ್ಥಿರಾಸ್ತಿಯ ಕರಾರಿನಲ್ಲಿ ದಿನಾಂಕ ಬರೆದ ಮಾತ್ರಕ್ಕೆ ಆ ದಿನವೇ ಕರಾರಿನ ಜೀವಾಳವೆಂದು ನ್ಯಾಯಾಲಯಗಳು ಸಾಮಾನ್ಯವಾಗಿ ಭಾವಿಸುವುದಿಲ್ಲ. ಗೊತ್ತುಪಡಿಸಿದ ದಿನದಿಂದ 3 ವರ್ಷದೊಳಗೆ ಖರೀದಿದಾರರು ಕ್ರಯಪತ್ರಕ್ಕಾಗಿ ದಾವೆ ಹೂಡಬಹುದು, ಮತ್ತು ಕರಾರಿನ ವಿಷಯ ತಿಳಿದೂ ತೋಟ ಕೊಂಡ ಎರಡನೆಯವರು ಅದಕ್ಕೆ ಸಿಲುಕುತ್ತಾರೆ.

ಆದ್ದರಿಂದ ಮೊದಲು ತಲುಪಿದ್ದಕ್ಕೆ ಸ್ವೀಕೃತಿ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳುಹಿಸಿ, ಬಾಕಿ 32 ಲಕ್ಷ ಕೊಟ್ಟು ಕ್ರಯಪತ್ರ ಮಾಡಿಸಿಕೊಳ್ಳಲು 30 ದಿನಗಳಂತಹ ನ್ಯಾಯವಾದ ಕೊನೆಯ ಅವಧಿ ಕೊಡಿ. ಯಾವ ದಿನ ಉಪನೋಂದಣಾಧಿಕಾರಿಗಳ ಕಚೇರಿಗೆ ದಾಖಲೆಗಳೊಡನೆ ಬರುವಿರಿ ಎಂಬುದನ್ನೂ ಅದರಲ್ಲಿ ಬರೆಯಿರಿ. ಅವರು ಬಾರದಿದ್ದರೆ ಮಾತ್ರ ಎರಡನೆಯ ಪತ್ರದಲ್ಲಿ ಕರಾರು ರದ್ದಾಯಿತೆಂದು ತಿಳಿಸಿ. ಹೀಗೆ ರದ್ದಾದ ಕರಾರಿನ ಮೇಲೆ ದಾವೆ ಹೂಡುವವರು ಆ ರದ್ದತಿಯೇ ಸಿಂಧುವಲ್ಲವೆಂಬ ಘೋಷಣೆಯನ್ನೂ ಕೇಳಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ.

ಮುಂಗಡದ ವಿಷಯದಲ್ಲಿ ಆತುರ ಬೇಡ. ಕರಾರು ನಡೆಸಿಕೊಡುವ ಭರವಸೆಗಾಗಿ ಪಡೆದ ಸಂಚಕಾರವಾದರೆ ಮುಟ್ಟುಗೋಲಿನ ವಾದ ನಿಲ್ಲಬಹುದು. ಕ್ರಯದ ಒಂದು ಭಾಗವೆಂದು ಪಡೆದಿದ್ದರೆ ಅದು ಕಷ್ಟ. ಬೆಲೆಯ ಐದನೇ ಒಂದು ಭಾಗ ದೊಡ್ಡ ಮೊತ್ತ, ಕರಾರು ಕಾಯ್ದೆಯ 74ನೇ ಕಲಂ ನ್ಯಾಯವಾದ ಪರಿಹಾರವನ್ನಷ್ಟೇ ಒಪ್ಪುತ್ತದೆ. ನಾಳೆ ತೋಟ 38 ಲಕ್ಷಕ್ಕೆ ಹೋದರೆ 2 ಲಕ್ಷದ ನಷ್ಟವನ್ನೂ ಖರ್ಚನ್ನೂ ತೋರಿಸಬಹುದು. 42 ಲಕ್ಷಕ್ಕೆ ಹೋದರೆ ಏನು ನಷ್ಟವಾಯಿತೆಂದು ನ್ಯಾಯಾಧೀಶರು ಕೇಳುತ್ತಾರೆ.

ಸದಸ್ಯರು (ಹಿರಿಯೂರು): ನಮ್ಮ ಕರಾರು ನೋಂದಣಿಯಾಗಿತ್ತು. ಋಣಭಾರ ಪತ್ರದಲ್ಲಿ ಅದು ಕಾಣುತ್ತಲೇ ಇದ್ದುದರಿಂದ ಹೊಸಬರು ಹಿಂದೆ ಸರಿದರು. ಕೊನೆಗೆ ಇಬ್ಬರೂ ಸಹಿ ಹಾಕಿ ರದ್ದತಿ ಪತ್ರ ನೋಂದಾಯಿಸಿದೆವು.

ಪ್ರಶ್ನೆ ಕೇಳಿದವರು: ಸರ್, ತೋಟದ ಮೇಲೆ ಸೊಸೈಟಿ ಸಾಲವಿದೆ. ಬಾಕಿ ಬಂದ ಮೇಲೆ ತೀರಿಸೋಣವೆಂದಿದ್ದೆ.

ವಕೀಲರು (ಚಿತ್ರದುರ್ಗ): ಇದನ್ನು ಮೊದಲೇ ನೋಡಬೇಕು. ಕ್ರಯಕ್ಕೆ ಮುಂಚೆ ಸಾಲ ತೀರಿಸುವ ಹೊಣೆ ಕರಾರಿನಲ್ಲಿ ನಿಮ್ಮದಾಗಿದ್ದರೆ, ತಪ್ಪಿದ್ದು ನೀವೇ ಎಂದು ಅವರು ವಾದಿಸುತ್ತಾರೆ, ಆಗ ಮುಟ್ಟುಗೋಲಿನ ಆಸೆ ಬಿಡಬೇಕಾಗುತ್ತದೆ. ಬಾಕಿಯಿಂದಲೇ ತೀರಿಸುವುದೆಂದಿದ್ದರೆ ಸೊಸೈಟಿಯಿಂದ ಸಾಲದ ಲೆಕ್ಕದ ಪತ್ರ ಪಡೆದು ನೋಟಿಸಿನ ಜೊತೆಗಿಡಿ. ರಾಜಿಗೆ ಅವರು ಒಪ್ಪಿದರೆ ನಷ್ಟ ಕಳೆದು ಉಳಿದದ್ದನ್ನು ಬ್ಯಾಂಕಿನ ಮೂಲಕವೇ ಹಿಂದಿರುಗಿಸಿ, ಮೂಲ ಕರಾರು ಪತ್ರವನ್ನೂ ಸಹಿ ಮಾಡಿದ ರದ್ದತಿ ಪತ್ರವನ್ನೂ ಪಡೆಯಿರಿ. ಎಷ್ಟು ಹಿಡಿಯಬಹುದೆಂಬುದನ್ನು ಕರಾರಿನ ಒಕ್ಕಣೆ ನೋಡದೆ ನಾನು ಹೇಳಲಾರೆ.