ಮನೆಯ ಡಾಪ್ಲರ್‌ನಲ್ಲಿ ಬಡಿತ ಕೇಳಿದೆ, ಆಸ್ಪತ್ರೆಗೆ ಹೋಗಲೇಬೇಕಾ?

ರಶ್ಮಿ: ಮೇಡಂ, ನನಗೀಗ 34 ವಾರ. ನಿನ್ನೆ ರಾತ್ರಿಯಿಂದ ಮಗು ಅಷ್ಟಾಗಿ ಆಡುತ್ತಿಲ್ಲ. ಮಗುವಿನ ಎದೆಬಡಿತ ಕೇಳಿಸುವ ಡಾಪ್ಲರ್ ಯಂತ್ರ ಆನ್‌ಲೈನ್‌ನಲ್ಲಿ ತರಿಸಿದ್ದೆವು, ಹೊಟ್ಟೆ ಮೇಲೆ ಇಟ್ಟು ನೋಡಿದೆವು. ಮೊದಲು 92 ತೋರಿಸಿತು, ಆಮೇಲೆ 138. ಸರಿ ಇದೆ ಅಲ್ವಾ? ಸೋಮವಾರ ಹೇಗೂ ಚೆಕಪ್ ಇದೆ.

ಡಾಕ್ಟರ್: ಸೋಮವಾರದವರೆಗೆ ಕಾಯಬೇಡಿ. ತಾಯಿ ಕಾರ್ಡ್ ತೆಗೆದುಕೊಂಡು ಈಗಲೇ ಎನ್‌ಎಸ್‌ಟಿ, ಅಂದರೆ ಮಗುವಿನ ಎದೆಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ದಾಖಲಿಸುವ ಪರೀಕ್ಷೆ, ಮಾಡುವ ಆಸ್ಪತ್ರೆಗೆ ಹೊರಡಿ. ಉಳಿದದ್ದನ್ನು ದಾರಿಯಲ್ಲಿ ಓದಿ.

ಆ 92 ಬಹುಶಃ ನಿಮ್ಮದೇ ನಾಡಿ. ಹೊಟ್ಟೆಯೊಳಗೆ ಯಾವ ರಕ್ತನಾಳ ಮಿಡಿದರೂ ಆ ಯಂತ್ರ ಸದ್ದು ಮಾಡುತ್ತದೆ. ಅದು ಯಾರದ್ದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. 138 ಮಗುವಿನದೇ ಇರಬಹುದು, 110ರಿಂದ 160ರ ಒಳಗೇ ಇದೆ. ಆದರೆ ನಿಮ್ಮ ನಾಡಿ 69 ಇದ್ದು, ಯಂತ್ರ ಒಂದೊಂದು ಬಡಿತವನ್ನೂ ಎರಡೆಂದು ಎಣಿಸಿದರೂ 138 ಬರುತ್ತದೆ. ಗಾಬರಿಯಲ್ಲಿ ತಾಯಿಯ ನಾಡಿಯೇ 120 ಮುಟ್ಟುವುದೂ ಉಂಟು.

ಸರಿ, ಮಗುವಿನದೇ ಅಂದುಕೊಳ್ಳೋಣ. ಅದರಿಂದ ಗೊತ್ತಾಗುವುದು ಈ ಗಳಿಗೆಯಲ್ಲಿ ಹೃದಯ ಬಡಿಯುತ್ತಿದೆ ಎಂದಷ್ಟೇ. ಮಾಸಿನಿಂದ ಆಮ್ಲಜನಕ ಸಾಲದೆ ಹೋದರೆ ಮಗು ಒದೆಯುವುದನ್ನು ಕಡಿಮೆ ಮಾಡಿ ಶಕ್ತಿ ಉಳಿಸಿಕೊಳ್ಳುತ್ತದೆ. ಹೃದಯ ನಿಲ್ಲುವುದು ಕೊನೆಗೆ. ಹಾಗಾಗಿ ಎನ್‌ಎಸ್‌ಟಿಯಲ್ಲಿ ನಾವು ಬರೀ ಅಂಕಿ ನೋಡುವುದಿಲ್ಲ. 20 ನಿಮಿಷ, ಮಗು ನಿದ್ದೆಯಲ್ಲಿದ್ದರೆ 40 ನಿಮಿಷ, ಕಾಗದದ ಮೇಲಿನ ಗೆರೆ ನೋಡುತ್ತೇವೆ. ಬಡಿತ ಸಣ್ಣಗೆ ಏರಿಳಿಯುತ್ತಿದೆಯಾ? ಮಗು ಅಲುಗಾಡಿದಾಗ ಮೇಲೇರುತ್ತದಾ? ನಡುವೆ ಕುಸಿಯುತ್ತದಾ? ಗೆರೆ 138ರಲ್ಲೇ ಸಪಾಟಾಗಿ ಓಡುತ್ತಿದ್ದರೆ ನಮಗೆ ಭಯ. ಏರಿಳಿಯುತ್ತಾ 138ರ ಸುತ್ತ ಇದ್ದರೆ ಸಮಾಧಾನ. ನಿಮ್ಮ ಯಂತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತದೆ.

ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2009ರಲ್ಲಿ ಇಂಥದ್ದೇ ಒಂದು ಪ್ರಕರಣ ಬಂದಿತ್ತು. ತುಂಬು ಗರ್ಭಿಣಿ, ಮಿಸುಕಾಟ ಕಡಿಮೆ. ಮನೆಯಲ್ಲೇ ಬಡಿತ ಕೇಳಿ ಸಮಾಧಾನಪಟ್ಟರು. ಆಸ್ಪತ್ರೆಗೆ ಬರುವಷ್ಟರಲ್ಲಿ ಮಗು ಉಳಿದಿರಲಿಲ್ಲ. ದಯವಿಟ್ಟು ಹೊರಡಿ.

ಸರೋಜಾ: ರಶ್ಮಿ, ಹೆದರಬೇಡಮ್ಮ. ನಮ್ಮ ಗ್ರೂಪಲ್ಲಿ ಬಂದಿತ್ತು: ಐಸ್ ನೀರು ಕುಡಿದು, ಬೆಲ್ಲ ತಿಂದು ಎಡಮಗ್ಗುಲಾಗಿ ಮಲಗಿದರೆ ಮಗು ಎದ್ದು ಆಡುತ್ತೆ. ಎಂಟನೇ ತಿಂಗಳ ಮೇಲೆ ಜಾಗ ಸಾಲದೆ ಆಟ ಕಡಿಮೆ ಆಗೋದು ಸಹಜ.

ಡಾಕ್ಟರ್: ಸಹಜ ಅಲ್ಲ! ಒದೆತದ ರೀತಿ ಬದಲಾಗಬಹುದು, ಉರುಳಿದಂತೆ ಅನ್ನಿಸಬಹುದು. ಆಟ ಕಡಿಮೆ ಆಗಬಾರದು, ಹೆರಿಗೆಯ ದಿನದವರೆಗೂ. ಈ ಫಾರ್ವರ್ಡ್ ನಂಬಿ ಗಂಟೆಗಟ್ಟಲೆ ಮಲಗಿಕೊಂಡು ಕಾದವರನ್ನು ನಾನು ನೋಡಿದ್ದೇನೆ. ಇಲ್ಲಿ ಇನ್ನೊಮ್ಮೆ ಹಾಕಬೇಡಿ.

ಕಾವ್ಯ: ಮೇಡಂ, ನನಗೆ 11 ವಾರ. ಅರ್ಧ ಗಂಟೆ ಹುಡುಕಿದರೂ ಬಡಿತ ಸಿಗಲಿಲ್ಲ. ಅಳು ಬರ್ತಿದೆ.

ಡಾಕ್ಟರ್: ಗರ್ಭಕೋಶ ಈಗ ಕಿಬ್ಬೊಟ್ಟೆಯ ಮೂಳೆಯ ಹಿಂದೆಯೇ ಇದೆ. ಈ ವಾರದಲ್ಲಿ ನಮಗೂ ಕೆಲವು ಸಲ ಡಾಪ್ಲರ್‌ನಲ್ಲಿ ಸಿಗುವುದಿಲ್ಲ. ಸಿಗದಿದ್ದರೆ ಏನೋ ಆಗಿದೆ ಎಂದರ್ಥವಲ್ಲ. ರಕ್ತ ಕಂಡರೆ ಅಥವಾ ಜೋರು ಹೊಟ್ಟೆನೋವು ಇದ್ದರೆ ಬನ್ನಿ. ಇಲ್ಲದಿದ್ದರೆ ಸ್ಕ್ಯಾನ್ ದಿನ ನೋಡೋಣ. ಯಂತ್ರ ಎತ್ತಿಡಿ.

ಮಂಜುನಾಥ್: ನಮ್ಮವರಿಗೂ 12 ವಾರ, ಸಿಗ್ತಿಲ್ಲ. ಏನು ಮಾಡೋದು?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಲತಾ: ಬಡಿತ 140ಕ್ಕಿಂತ ಜಾಸ್ತಿ ಇದ್ದರೆ ಹೆಣ್ಣು ಅಂತಾರಲ್ಲ, ನಿಜಾನಾ?

ಡಾಕ್ಟರ್: ಸುಳ್ಳು. ಮುಂದಿನ ಪ್ರಶ್ನೆ.

ದೀಪಾ: ಎಲ್ಲರೂ ಯಂತ್ರವನ್ನೇ ಬೈಯುತ್ತಿದ್ದೀರಿ. ಹಿಂದಿನ ಸಲ 26 ವಾರಕ್ಕೆ ಮಗು ಕಳೆದುಕೊಂಡೆ. ಈ ಸಲ ದಿನಾ ಬಡಿತ ಕೇಳಿದರೇ ನಿದ್ದೆ ಬರುವುದು.

ಮಂಜುನಾಥ್: ಹೌದು, ಆಸ್ಪತ್ರೆಯಲ್ಲೂ ಅದೇ ಡಾಪ್ಲರ್ ತಾನೇ? ಕೈಬೆರಳಿಗೆ ಆಕ್ಸಿಮೀಟರ್ ಹಾಕಿ ತಾಯಿಯ ನಾಡಿ ಬೇರೆ ಮಾಡಿಕೊಂಡರೆ ಮುಗೀತು.

ಸರೋಜಾ: ಗಂಡಸರಿಗೇನು ಗೊತ್ತು? ನಮ್ಮ ಕಾಲದಲ್ಲಿ ಯಾವ ಯಂತ್ರ ಇತ್ತು?

ಮಂಜುನಾಥ್: ನಿಮ್ಮ ಕಾಲದಲ್ಲಿ ಎಷ್ಟು ಮಕ್ಕಳು ಹೋದವು ಅಂತಲೂ ಹೇಳಿ.

ದೀಪಾ: ದಯವಿಟ್ಟು ಇಲ್ಲಿ ಹಾಗೆ ಮಾತಾಡಬೇಡಿ.

ಡಾಕ್ಟರ್: ಮಂಜುನಾಥ್, ನಾಡಿ ಬೇರೆ ಮಾಡಿಕೊಳ್ಳುವ ಮಾತು ಸರಿ. ನಾವೂ ಕೈ ಹಿಡಿದು ನೋಡುತ್ತೇವೆ. ಅಲ್ಲಿಗೆ ಮುಗಿಯುವುದಿಲ್ಲ. ಬಡಿತ ಯಾರದ್ದು ಎಂದಷ್ಟೇ ತಿಳಿಯಿತು, ಮಗು ಹೇಗಿದೆ ಎಂದಲ್ಲ. ದೀಪಾ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನಿಮ್ಮ ಡಾಕ್ಟರ ಬಳಿ ಹೇಳಿ, ಭೇಟಿಗಳನ್ನು ಹತ್ತಿರ ಹತ್ತಿರ ಇಟ್ಟುಕೊಳ್ಳಿ. ಯಂತ್ರ ಬಿಸಾಡಿ ಎನ್ನಲಾರೆ. ಮಿಸುಕಾಟ ಕಡಿಮೆ ಅನ್ನಿಸಿದ ದಿನ ಮಾತ್ರ ಅದನ್ನು ಮುಟ್ಟಬೇಡಿ, ನೇರ ಹೊರಡಿ.

ದೀಪಾ: ಅದೇ ದಿನ ತಾನೇ ಕೈ ಅದರ ಕಡೆ ಹೋಗೋದು, ಮೇಡಂ.

ಕಾವ್ಯ: ಫೋನ್ ಆ್ಯಪ್‌ನಲ್ಲಿ ಕೇಳಿಸುತ್ತಂತೆ, ಅದು ಪರವಾಗಿಲ್ವಾ?

ರಶ್ಮಿ: ಮೇಡಂ, ಆಸ್ಪತ್ರೆಯಲ್ಲಿದ್ದೇನೆ. ಮೊದಲ 20 ನಿಮಿಷ ಗೆರೆ ಸಪಾಟು ಅಂದರು, ಮತ್ತೆ 20 ನಿಮಿಷ ಇಟ್ಟಾಗ ಎರಡು ಸಲ ಏರಿತು. ಸ್ಕ್ಯಾನ್‌ನಲ್ಲಿ ನೀರು ಸ್ವಲ್ಪ ಕಡಿಮೆಯಂತೆ. ರಾತ್ರಿ ಇಲ್ಲೇ ಇರಿ ಅಂದಿದ್ದಾರೆ.

ಡಾಕ್ಟರ್: ಒಳ್ಳೆಯದು, ಅಲ್ಲೇ ಇರಿ. ಬೆಳಿಗ್ಗೆ ಮತ್ತೆ ಎನ್‌ಎಸ್‌ಟಿ ಮಾಡುತ್ತಾರಾ ಕೇಳಿ. ಮನೆಗೆ ಬಂದ ಮೇಲೆ ಮತ್ತೆ ಕಡಿಮೆ ಅನ್ನಿಸಿದರೆ, ನಿನ್ನೆಯಷ್ಟೇ ತೋರಿಸಿದ್ದೆವಲ್ಲ ಎಂದು ಸುಮ್ನೆ ಕೂರಬೇಡಿ. ಮತ್ತೆ ಹೋಗಿ.