ಜೆಇಇ ಸ್ಕೋರ್ ಸ್ಕ್ರೀನ್‌ಶಾಟ್: ಮಾರ್ಕ್ಸ್ ಜಾಸ್ತಿ, ಪರ್ಸೆಂಟೈಲ್ ಕಡಿಮೆ ಹೇಗೆ?

ಪ್ರಶ್ನೆ, ಮದ್ದೂರಿನಿಂದ ಒಬ್ಬ ತಾಯಿ:
ಮಗಳು ಜನವರಿಯಲ್ಲಿ ಜೆಇಇ ಮೇನ್ ಬರೆದಳು. ಅವಳ ಫೋನಿನ ಸ್ಕ್ರೀನ್‌ಶಾಟಲ್ಲಿ ಮೂರು ಅಂಕಿ ಇವೆ: `Raw Marks 168/300`, `Percentile 97.4`, `Rank 38,350`. ಪಕ್ಕದ ಮನೆ ಹುಡುಗನಿಗೆ 176 ಬಂದಿದೆ, ಆದರೆ ಪರ್ಸೆಂಟೈಲ್ 96.8 ಅಂತೆ. ಅವರಪ್ಪ ಏನೋ ತಪ್ಪಾಗಿದೆ ಅಂತ ಕೂತಿದ್ದಾರೆ. ನನಗಂತೂ 168ಕ್ಕೆ 97 ಹೇಗೆ ಬಂತು ಅನ್ನೋದೇ ಗೊತ್ತಾಗಲಿಲ್ಲ. ಯಾರಾದರೂ ಬಿಡಿಸಿ ಹೇಳಿ.

ಉತ್ತರ, ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು, ಸರಸ್ವತಿಪುರಂ:
ಅಮ್ಮ, ಮೊದಲು ಒಂದು ಮಾತು. ಈ ಸ್ಕ್ರೀನ್‌ಶಾಟ್ ಪರೀಕ್ಷೆ ನಡೆಸುವ ಎನ್‌ಟಿಎ ಕೊಟ್ಟ ಕಾರ್ಡ್ ಅಲ್ಲ, ಯಾವುದೋ ಕೋಚಿಂಗ್ ಆ್ಯಪಿನದು. ಎನ್‌ಟಿಎ ಕಾರ್ಡಲ್ಲಿ 168 ಅನ್ನೋ ಅಂಕಿಯೇ ಇರುವುದಿಲ್ಲ. ಅಲ್ಲಿ ಸಿಗುವುದು ಎನ್‌ಟಿಎ ಸ್ಕೋರ್. ಅದೇ ಪರ್ಸೆಂಟೈಲ್, ದಶಾಂಶದ ನಂತರ ಏಳು ಅಂಕಿ. ಜನವರಿ ಕಾರ್ಡಲ್ಲಿ ರ‍್ಯಾಂಕ್ ಕೂಡ ಇರುವುದಿಲ್ಲ. ಹಾಗಾಗಿ ನಿಮ್ಮ ಮೂರು ಅಂಕಿಗಳಲ್ಲಿ ಒಂದು ಲೆಕ್ಕ ಹಾಕಿದ್ದು, ಒಂದು ನಿಜವಾದದ್ದು, ಇನ್ನೊಂದು ಅಂದಾಜು.

168 ಬಂದದ್ದು ಹೀಗೆ. ಪರೀಕ್ಷೆಯಾದ ಮೇಲೆ ಮಗಳು ಗುರುತು ಹಾಕಿದ ಉತ್ತರಗಳ ಪ್ರತಿಯನ್ನು ಎನ್‌ಟಿಎ ಕೊಡುತ್ತದೆ. ಕೀ ಉತ್ತರವನ್ನೂ ಬಿಡುತ್ತದೆ. 75 ಪ್ರಶ್ನೆ, ಸರಿಗೆ 4, ತಪ್ಪಿಗೆ 1 ಕಟ್. ಎರಡನ್ನೂ ತಾಳೆ ನೋಡಿ ಆ್ಯಪ್ ಕೂಡಿಸಿದೆ. ಅದು ಮೊದಲು ಬಿಟ್ಟ ಕೀ ಇಟ್ಟುಕೊಂಡು ಹಾಕಿದ ಲೆಕ್ಕವಾದರೆ ಬದಲಾಗಬಹುದು. ಕೊನೆಯ ಕೀ ಬರುವ ಹೊತ್ತಿಗೆ ಕೆಲವು ಪ್ರಶ್ನೆಗಳ ಉತ್ತರ ತಿದ್ದುತ್ತಾರೆ, ಕೆಲವನ್ನು ಕೈಬಿಡುತ್ತಾರೆ. ಅಂತಿಮ ಕೀಯಲ್ಲಿ ಇನ್ನೊಮ್ಮೆ ಕೂಡಿಸಿ ನೋಡಿ.

ಈಗ ಪಕ್ಕದ ಮನೆಯ ವಿಷಯ. ಜೆಇಇ ಮೇನ್ ಹಲವು ದಿನ, ಬೆಳಗ್ಗೆ ಮಧ್ಯಾಹ್ನ ಅಂತ ಶಿಫ್ಟಲ್ಲಿ ನಡೆಯುತ್ತದೆ, ಒಂದೊಂದಕ್ಕೂ ಪೇಪರ್ ಬೇರೆ. ಇಬ್ಬರೂ ಬರೆದದ್ದು ಒಂದೇ ಶಿಫ್ಟಾ, ಬೇರೆ ಬೇರೆಯಾ? ಒಂದೇ ಶಿಫ್ಟಲ್ಲಿ 176ಕ್ಕೆ 168ಕ್ಕಿಂತ ಕಡಿಮೆ ಪರ್ಸೆಂಟೈಲ್ ಬರಲು ಸಾಧ್ಯವೇ ಇಲ್ಲ. ಹಾಗಾಗಿದ್ದರೆ ಇಬ್ಬರಲ್ಲಿ ಒಬ್ಬರ ಕೂಡಿಕೆ ತಪ್ಪು.

ಮದ್ದೂರಿನ ತಾಯಿ:
ಬೇರೆ ಬೇರೆ ದಿನ ಸರ್. ಅವಳದು ಬೆಳಗ್ಗೆ, ಅವನದು ಇನ್ನೊಂದು ದಿನ ಮಧ್ಯಾಹ್ನ.

ಶ್ರೀರಂಗಪಟ್ಟಣದಿಂದ ಒಬ್ಬರು, ಟ್ಯೂಷನ್ ನಡೆಸುವವರು:
ಹಾಗಾದ್ರೆ ಸಿಂಪಲ್ ಮೇಡಂ. ಕಷ್ಟದ ಶಿಫ್ಟಿಗೆ ಗ್ರೇಸ್ ಮಾರ್ಕ್ಸ್ ಸೇರಿಸುತ್ತಾರೆ. ನಿಮ್ಮ ಮಗಳಿಗೆ ಹತ್ತು ಹದಿನೈದು ಸೇರಿರುತ್ತೆ. ಅದಕ್ಕೇ ನಾರ್ಮಲೈಸೇಷನ್ ಅನ್ನೋದು.

ಸರಸ್ವತಿಪುರಂ ಮೇಷ್ಟ್ರು:
ಕಷ್ಟದ ಶಿಫ್ಟಿನವರಿಗೆ ನಷ್ಟವಾಗಬಾರದು ಅನ್ನೋ ಉದ್ದೇಶ ನೀವು ಹೇಳಿದ್ದು ಸರಿ. ಆದರೆ ಒಂದು ಮಾರ್ಕನ್ನೂ ಎಲ್ಲೂ ಸೇರಿಸುವುದಿಲ್ಲ. ಮಾರ್ಕ್ಸ್ ಮುಟ್ಟುವುದೇ ಇಲ್ಲ. ಅವರು ಎಣಿಸುವುದು ಜನರನ್ನು.

ಎರಡು ಶಿಫ್ಟಲ್ಲೂ ತಲಾ 1 ಲಕ್ಷ ಮಕ್ಕಳು ಕೂತರು ಅಂತ ಇಟ್ಟುಕೊಳ್ಳಿ. ಇದು ಲೆಕ್ಕಕ್ಕೆ ನಾನು ಹಾಕಿಕೊಂಡ ಸಂಖ್ಯೆ. ಮಗಳ ಶಿಫ್ಟಲ್ಲಿ 168 ಅಥವಾ ಅದಕ್ಕಿಂತ ಕಡಿಮೆ ತೆಗೆದವರು, ಅವಳೂ ಸೇರಿ, 97,400 ಜನ. ಆ ಸಂಖ್ಯೆಯನ್ನು 1 ಲಕ್ಷದಿಂದ ಭಾಗಿಸಿ 100ರಿಂದ ಗುಣಿಸಿ: 97.4. ಅಷ್ಟೇ. ಅವಳಿಗಿಂತ ಮೇಲೆ ಇದ್ದವರು 2,600. ಹುಡುಗನ ಶಿಫ್ಟಿಗೆ ಬನ್ನಿ. ಅಲ್ಲಿ ಪೇಪರ್ ಸ್ವಲ್ಪ ಸುಲಭ, ಎಲ್ಲರೂ ಚೆನ್ನಾಗಿ ಬರೆದಿದ್ದಾರೆ. 176 ಅಥವಾ ಅದಕ್ಕಿಂತ ಕಡಿಮೆ ಇದ್ದವರು 96,800. ಅವನ ಮೇಲೆ 3,200 ಜನ. ಅವನ ಮಾರ್ಕ್ಸ್ 8 ಜಾಸ್ತಿ, ಮುಂದಿರುವ ಜನವೂ 600 ಜಾಸ್ತಿ. ತಪ್ಪೇನೂ ಆಗಿಲ್ಲ ಅಂತ ಅವರಪ್ಪನಿಗೆ ಹೇಳಿ.

ಹಾಗಾಗಿ 97.4 ಅಂದರೆ ನೂರಕ್ಕೆ 97 ಮಾರ್ಕ್ಸ್ ಅಲ್ಲ. 300ಕ್ಕೆ 168 ಅಂದರೆ ಶೇಕಡ 56. ಆ 56 ಯಾವ ಕೌನ್ಸೆಲಿಂಗಲ್ಲೂ ಕೆಲಸಕ್ಕೆ ಬರುವುದಿಲ್ಲ.

ಕುವೆಂಪುನಗರದ ಒಬ್ಬ ಇಂಜಿನಿಯರ್:
ಸರ್, ಒಂದು ತಕರಾರು. ಎರಡು ಶಿಫ್ಟಿನ ಮಕ್ಕಳೂ ಒಂದೇ ಮಟ್ಟದವರು ಅಂತ ಒಪ್ಪಿಕೊಂಡರೆ ಮಾತ್ರ ಈ ಲೆಕ್ಕ ಸರಿ, ಅಲ್ವಾ? ಒಂದು ಶಿಫ್ಟಿಗೆ ಜಾಣರೇ ಹೆಚ್ಚು ಬಿದ್ದರೆ?

ಸರಸ್ವತಿಪುರಂ ಮೇಷ್ಟ್ರು:
ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಇಡೀ ಲೆಕ್ಕ ನಿಂತಿರುವುದು ಆ ನಂಬಿಕೆಯ ಮೇಲೆಯೇ. ಶಿಫ್ಟ್ ಹಂಚುವಾಗ ಯಾರು ಎಲ್ಲಿ ಅನ್ನೋದನ್ನು ಆಯ್ದು ಹಾಕುವುದಿಲ್ಲ, ಚೀಟಿ ಎತ್ತಿದಂತೆ ಬೆರೆಸುತ್ತಾರೆ. ಒಂದೊಂದರಲ್ಲೂ ಲಕ್ಷದ ಆಸುಪಾಸು ಜನ ಇದ್ದಾಗ ಸರಾಸರಿ ಮಟ್ಟ ಹೆಚ್ಚುಕಡಿಮೆ ಒಂದೇ ಇರುತ್ತದೆ. ಆದರೆ ತುತ್ತತುದಿಯಲ್ಲಿ, ಅಂದರೆ 99.9 ಆಚೆ, ಶಿಫ್ಟಿಗೆ ನೂರೋ ಇನ್ನೂರೋ ಜನ ಮಾತ್ರ. ಅಲ್ಲಿ ಅದೃಷ್ಟದ ಪಾಲು ಸ್ವಲ್ಪ ಇದ್ದೇ ಇರುತ್ತದೆ. ಪ್ರತಿ ಶಿಫ್ಟಿನ ಮೊದಲನೆಯವರಿಗೂ 100 ಸಿಗುತ್ತದೆ, ಅವರ ಮಾರ್ಕ್ಸ್ ಎಷ್ಟೇ ಇರಲಿ. 2025ರಲ್ಲಿ 24 ಜನಕ್ಕೆ 100 ಬಂತು.

ಕುವೆಂಪುನಗರದ ಇಂಜಿನಿಯರ್:
ಹೆಚ್ಚುಕಡಿಮೆ ಅನ್ನೋ ಮಾತಿಗೆ ನನಗೆ ಪೂರ್ತಿ ಸಮಾಧಾನ ಇಲ್ಲ. ಇರಲಿ.

ಮದ್ದೂರಿನ ತಾಯಿ:
ಸರ್, ಇನ್ನೊಂದು. ಅವಳ ನಿಜವಾದ ಕಾರ್ಡ್ ತೆಗೆದು ನೋಡಿದೆ. ಮ್ಯಾಥ್ಸ್ 98.3, ಫಿಸಿಕ್ಸ್ 95.1, ಕೆಮಿಸ್ಟ್ರಿ 93.9. ಮೂರರ ಸರಾಸರಿ ತೆಗೆದರೆ ಸುಮಾರು 95.8 ಬರುತ್ತೆ. ಒಟ್ಟು ಮಾತ್ರ 97.4 ಅಂತಿದೆ!

ಶ್ರೀರಂಗಪಟ್ಟಣದ ಟ್ಯೂಷನ್‌ನವರು:
ಸರಾಸರಿಯೇ ತೆಗೆಯೋದು ಮೇಡಂ, ಮ್ಯಾಥ್ಸಿಗೆ ತೂಕ ಜಾಸ್ತಿ ಇರುತ್ತೆ ಅಷ್ಟೇ.

ಸರಸ್ವತಿಪುರಂ ಮೇಷ್ಟ್ರು:
ಇಲ್ಲ ಸರ್, ತೂಕವೂ ಇಲ್ಲ, ಸರಾಸರಿಯೂ ಇಲ್ಲ. ಒಟ್ಟು 168 ಇಟ್ಟುಕೊಂಡು ಜನರನ್ನು ಮತ್ತೆ ಬೇರೆಯಾಗಿ ಎಣಿಸುತ್ತಾರೆ.

ಒಟ್ಟು ಮೇಲಿರುವುದು ಯಾಕೆ ಅಂದರೆ, ಕೆಮಿಸ್ಟ್ರಿಯಲ್ಲಿ ನಿಮ್ಮ ಮಗಳನ್ನು ಹಿಂದೆ ಹಾಕಿದವರು ನೂರಕ್ಕೆ ಆರು ಜನ. ಮ್ಯಾಥ್ಸಲ್ಲಿ ಹಿಂದೆ ಹಾಕಿದವರು ಎರಡಕ್ಕಿಂತ ಕಡಿಮೆ. ಆದರೆ ಈ ಆರು ಜನರಲ್ಲಿ ತುಂಬಾ ಮಂದಿ ಮ್ಯಾಥ್ಸಲ್ಲಿ ಸೋತವರು. ಮೂರನ್ನೂ ಕೂಡಿಸಿದಾಗ ಅವರು ಅವಳ ಹಿಂದೆ ಹೋಗುತ್ತಾರೆ. ಎಲ್ಲದರಲ್ಲೂ ಒಂದೇ ಸಮ ಚೆನ್ನಾಗಿ ಬರೆಯುವವರು ಕಡಿಮೆ. ಅದಕ್ಕೇ ಎತ್ತರದಲ್ಲಿ ಒಟ್ಟು ಪರ್ಸೆಂಟೈಲ್ ಹೀಗೆ ಸರಾಸರಿಗಿಂತ ಮೇಲೆ ಕಾಣುವುದು ಸಾಮಾನ್ಯ. ಹಾಗಾಗಿ ಯಾವ ಆ್ಯಪಾದರೂ ಮೂರು ವಿಷಯದ ಪರ್ಸೆಂಟೈಲ್ ಕೂಡಿಸಿ ಮೂರರಿಂದ ಭಾಗಿಸಿದ್ದರೆ ಅದನ್ನು ಅಲ್ಲೇ ಬಿಟ್ಟುಬಿಡಿ.

ಪಾಂಡವಪುರದಿಂದ ಒಬ್ಬ ತಂದೆ:
ನಮ್ಮನೇಲೂ ಇದೇ ಗೋಳು ಸಾರ್. ಮಗನಿಗೆ ಸಿಇಟಿಯಲ್ಲಿ 180ಕ್ಕೆ 118. ಅವನ ಸ್ನೇಹಿತನಿಗೆ 112. ಆದರೆ ಸ್ನೇಹಿತನ ರ‍್ಯಾಂಕ್ ಮುಂದೆ. ಸಿಇಟಿಯಲ್ಲೂ ಶಿಫ್ಟ್ ನಾರ್ಮಲೈಸೇಷನ್ ಶುರು ಮಾಡಿದಾರಾ?

ಸರಸ್ವತಿಪುರಂ ಮೇಷ್ಟ್ರು:
ಇಲ್ಲ ಯಜಮಾನ್ರೇ, ನಿಮ್ಮದು ಬೇರೆ ಕಥೆ. ಸಿಇಟಿ ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯುಸಿ, ಅರ್ಧ ಸಿಇಟಿ. ಇಬ್ಬರ ಪಿಯುಸಿ ಪಿಸಿಎಂ ಎಷ್ಟು?

ಪಾಂಡವಪುರದ ತಂದೆ:
ನಮ್ಮವನದು 300ಕ್ಕೆ 240. ಅವನದು 264.

ಸರಸ್ವತಿಪುರಂ ಮೇಷ್ಟ್ರು:
ಅಲ್ಲೇ ಇದೆ ನೋಡಿ. ನಿಮ್ಮ ಮಗ ಪಿಯುಸಿಯಲ್ಲಿ ಶೇಕಡ 80, ಅದರರ್ಧ 40. ಸಿಇಟಿಯಲ್ಲಿ 65.56, ಅರ್ಧ 32.78. ಒಟ್ಟು 72.78. ಸ್ನೇಹಿತನಿಗೆ ಪಿಯುಸಿ 88ರ ಅರ್ಧ 44, ಸಿಇಟಿ 62.22ರ ಅರ್ಧ 31.11. ಒಟ್ಟು 75.11. ಪಿಯುಸಿಯ 24 ಮಾರ್ಕ್ಸ್ ಸಿಇಟಿಯ 6 ಮಾರ್ಕ್ಸನ್ನು ನುಂಗಿಹಾಕಿದೆ. ಇಲ್ಲಿ ಪರ್ಸೆಂಟೈಲ್ ಅನ್ನೋದೇ ಬರಲಿಲ್ಲ.

ಪಾಂಡವಪುರದ ತಂದೆ:
ಅಯ್ಯೋ, ಇದನ್ನ ಮೊದಲೇ ಯಾರೂ ಹೇಳಲಿಲ್ಲ. ಸ್ನೇಹಿತ ಸಿಬಿಎಸ್‌ಇ ಹುಡುಗ. ಅವರ ಪೇಪರ್ ಬೇರೆ, ನಮ್ಮ ಪಿಯು ಪೇಪರ್ ಬೇರೆ. ಅದನ್ನ ಹೇಗೆ ಸಮ ಅನ್ನೋದು?

ಮದ್ದೂರಿನ ತಾಯಿ:
ನನ್ನ 38,350 ಉಳಿದುಬಿಡ್ತು ಸರ್. ಅದು ಅಂದಾಜು ಅಂದಿರಿ.

ಸರಸ್ವತಿಪುರಂ ಮೇಷ್ಟ್ರು:
ಹೌದು. ಆ್ಯಪ್ ಮಾಡಿದ್ದು ಇಷ್ಟೇ:

```
(100 - 97.4) / 100 × 14,75,000 = 38,350
```

2025ರಲ್ಲಿ ಜನವರಿ, ಏಪ್ರಿಲ್ ಎರಡು ಸೆಷನ್ ಸೇರಿ ಇಂಜಿನಿಯರಿಂಗಿನ ಪೇಪರ್ 1 ಬರೆದವರು ಸುಮಾರು 14.75 ಲಕ್ಷ. ಆ ಸಂಖ್ಯೆ ಹಿಡಿದು ಗುಣಿಸಿದ್ದಾರೆ. ಆ ವರ್ಷ ಜನವರಿ ಸೆಷನ್ ಬರೆದವರನ್ನಷ್ಟೇ ಎಣಿಸಿದರೆ ಸುಮಾರು 12.58 ಲಕ್ಷ. ಅದನ್ನು ಹಾಕಿದರೆ ಇದೇ 97.4ಕ್ಕೆ 32,700 ಬರುತ್ತದೆ. ಯಾವ ಆ್ಯಪ್ ಯಾವ ಸಂಖ್ಯೆ ಹಾಕಿತು ಅನ್ನೋದರ ಮೇಲೆ ಐದಾರು ಸಾವಿರ ಆಚೀಚೆ ಆಗುತ್ತದೆ. ಜನ ಆ್ಯಪ್ ಬದಲಿಸಿ ಬದಲಿಸಿ ಒಳ್ಳೆ ರ‍್ಯಾಂಕ್ ಹುಡುಕುವುದು ಇದಕ್ಕೇ.

ನಿಜವಾದ ರ‍್ಯಾಂಕ್ ಬರುವುದು ಏಪ್ರಿಲ್ ಸೆಷನ್ ಮುಗಿದ ಮೇಲೆ. ಎರಡೂ ಬರೆದವರಿಗೆ ಎರಡರಲ್ಲಿ ಹೆಚ್ಚಿನ ಸ್ಕೋರ್ ಹಿಡಿದು, ಎಲ್ಲರನ್ನೂ ಒಂದೇ ಸಾಲಲ್ಲಿ ನಿಲ್ಲಿಸುತ್ತಾರೆ. ಇದರ ಪರಿಣಾಮ ಗಮನಿಸಿ. ಇವತ್ತು 97ರಲ್ಲಿ ಇರುವ ಎಷ್ಟೋ ಮಕ್ಕಳು ಏಪ್ರಿಲ್‌ನಲ್ಲಿ 98ಕ್ಕೆ ಹೋಗಿ ಅವಳ ಮುಂದೆ ನಿಲ್ಲುತ್ತಾರೆ. ಏಪ್ರಿಲ್‌ನಲ್ಲಿ ಕೆಟ್ಟದಾಗಿ ಬರೆದವರು ಮಾತ್ರ ಹಿಂದೆ ಹೋಗುವುದಿಲ್ಲ, ಅವರ ಜನವರಿ ಸ್ಕೋರ್ ಉಳಿಯುತ್ತದೆ. ಅಂದರೆ 97.4 ಹಾಗೇ ಇದ್ದರೂ ರ‍್ಯಾಂಕ್ ಆ್ಯಪ್ ಹೇಳಿದ್ದಕ್ಕಿಂತ ಹಿಂದೆ ಸರಿಯುವ ಸಾಧ್ಯತೆಯೇ ಜಾಸ್ತಿ. ಒಂದು ಅಳತೆ ಹೇಳುತ್ತೇನೆ: 14.75 ಲಕ್ಷ ಜನರಲ್ಲಿ ಪರ್ಸೆಂಟೈಲಿನ 0.1 ಅಂದರೆ 1,475 ರ‍್ಯಾಂಕ್. ಎನ್‌ಟಿಎ ಏಳು ದಶಾಂಶ ಕೊಡುವುದು ಸುಮ್ನೆ ಅಲ್ಲ.

ಇನ್ನು ಸ್ಕೋರ್ ಸಮ ಬಂದರೆ ಮೊದಲು ಮ್ಯಾಥ್ಸ್ ಸ್ಕೋರ್ ನೋಡುತ್ತಾರೆ, ಆಮೇಲೆ ಫಿಸಿಕ್ಸ್, ಆಮೇಲೆ ಕೆಮಿಸ್ಟ್ರಿ. ನಿಮ್ಮ ಮಗಳಿಗೆ ಇದು ಅನುಕೂಲವೇ.

ಮದ್ದೂರಿನ ತಾಯಿ:
ಹಾಗಾದರೆ ಏಪ್ರಿಲ್ ಬರೆಸಲಾ? ಅವಳು ಸಾಕಾಗಿದೆ ಅನ್ನುತ್ತಾಳೆ. ನಮಗೆ ಆಸೆ ಇರೋದು ಸುರತ್ಕಲ್ ಎನ್‌ಐಟಿ. ಅದಾಗದಿದ್ದರೆ ಮೈಸೂರಲ್ಲೇ ಎನ್‌ಐಇ ಅಥವಾ ಎಸ್‌ಜೆಸಿಇ.

ಸರಸ್ವತಿಪುರಂ ಮೇಷ್ಟ್ರು:
ಎನ್‌ಐಇ, ಎಸ್‌ಜೆಸಿಇ ಸಿಇಟಿ ಸೀಟಿಗೆ ಈ ಮೂರು ಅಂಕಿಯಲ್ಲಿ ಒಂದೂ ಬೇಡ. ಅಲ್ಲಿ ಪಾಂಡವಪುರದವರಿಗೆ ಹೇಳಿದ ಲೆಕ್ಕ. ಸುರತ್ಕಲ್‌ಗೆ ಬೇಕಾಗುವುದು ಜೆಇಇ ಮೇನ್ ರ‍್ಯಾಂಕ್, ಅದೂ ಅಂತಿಮವಾದದ್ದು. ಅಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೆ. ಹಾಗಾಗಿ ಹೋದ ವರ್ಷದ ಕೊನೆಯ ರ‍್ಯಾಂಕ್ ನೋಡುವಾಗ `HS` ಅಂತ ಇರುವ ಸಾಲನ್ನೇ ನೋಡಿ, ಹೊರ ರಾಜ್ಯದವರ `OS` ಸಾಲು ನೋಡಿ ಹೆದರಬೇಡಿ. ಬ್ರಾಂಚಿನ ಮೇಲೆ ಈ ರ‍್ಯಾಂಕ್ ತುಂಬಾ ಬದಲಾಗುತ್ತದೆ. ಅವಳಿಗೆ ಯಾವ ಬ್ರಾಂಚ್ ಬೇಕು ಅಂತ ಮೊದಲು ಕೇಳಿ.

ಮೀಸಲಾತಿ ಇದ್ದರೆ ಕಾರ್ಡಲ್ಲಿ ಎರಡು ರ‍್ಯಾಂಕ್ ಬರುತ್ತದೆ, ಎಲ್ಲರದ್ದೂ ಸೇರಿ ಒಂದು, ವರ್ಗದ್ದು ಇನ್ನೊಂದು. ನಮ್ಮ 2ಎ, 3ಎ, 3ಬಿ ಸರ್ಟಿಫಿಕೇಟ್ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಹೆಸರಿದೆಯಾ ಅಂತ ಬೇರೆಯಾಗಿ ನೋಡಬೇಕು. ಮಂಡ್ಯದ ಕಡೆ ಎಷ್ಟೋ ಮನೆಗಳಲ್ಲಿ ಇದು ಕೌನ್ಸೆಲಿಂಗ್ ದಿನ ಗೊತ್ತಾಗುತ್ತದೆ.

ಏಪ್ರಿಲ್ ಬರೆದರೆ ಜನವರಿಯ 97.4 ಎಲ್ಲೂ ಹೋಗುವುದಿಲ್ಲ. ಖರ್ಚಾಗುವುದು ಫೀಸು ಮತ್ತು ಅವಳ ಓದಿನ ಸಮಯ. ಅದೇ ಸಮಯದಲ್ಲಿ ಸಿಇಟಿ ಓದು ಕೂಡ ಇರುತ್ತದೆ. ಅದನ್ನು ಅವಳೇ ತೂಗಿ ನೋಡಲಿ.

ಮದ್ದೂರಿನ ತಾಯಿ:
ಅವಳು ಇದನ್ನೆಲ್ಲ ಓದಿ, "ಪಕ್ಕದ ಮನೆಯವರಿಗೆ ಇದನ್ನ ಕಳಿಸು" ಅಂದಳು. ಏಪ್ರಿಲ್ ಬಗ್ಗೆ ಮಾತ್ರ ಬಾಯಿ ಬಿಡ್ತಾ ಇಲ್ಲ.

ಪಾಂಡವಪುರದ ತಂದೆ:
ಮೇಷ್ಟ್ರೇ, ಸಿಬಿಎಸ್‌ಇ ವಿಷಯಕ್ಕೆ ಉತ್ತರ ಬರಲಿಲ್ಲ.