ಹರ್ನಿಯಾ ಲಾಂಗ್ ಕೇಸ್: ನೀವು ಯಾವ ಕ್ರಮದಲ್ಲಿ ಹೇಳಿದಿರಿ?

ಹನ್ನೊಂದು ದಿನ ಬಾಕಿ: ಫೈನಲ್ ಇಯರ್, ಮೈಸೂರು. ಸರ್ಜರಿ ಪ್ರಾಕ್ಟಿಕಲ್ ಪರೀಕ್ಷೆಯ ಲಾಂಗ್ ಕೇಸ್‌ನಲ್ಲಿ ಹರ್ನಿಯಾ ಪೇಷೆಂಟ್ ಬಂದರೆ ಹೇಳೋಕೆ ಒಂದು ಸ್ಕ್ರಿಪ್ಟ್ ಬೇಕು. ಹಿಸ್ಟರಿ, ಎಕ್ಸಾಮಿನೇಷನ್, ಡಯಾಗ್ನೋಸಿಸ್, ಟ್ರೀಟ್‌ಮೆಂಟ್ ಎಲ್ಲ ಓದಿದ್ದೇನೆ. ಎಕ್ಸಾಮಿನರ್ ಎದುರಿಗೆ ನಿಂತರೆ ಹಿಂದುಮುಂದಾಗುತ್ತೆ. ಪರೀಕ್ಷೆ ಬರೆದವರು ನಿಮ್ಮ ಅನುಭವ ಹೇಳ್ತೀರಾ?

ಸಪ್ಲಿ ಸಂತ್ರಸ್ತ: ನನ್ನ ಕಥೆ ಕೇಳಿ, ಆಮೇಲೆ ಸ್ಕ್ರಿಪ್ಟ್ ಯೋಚನೆ ಮಾಡಿ. ನನಗೆ ಬಂದಿದ್ದು ಮಂಡ್ಯ ಕಡೆಯ ಒಬ್ಬ ಯಜಮಾನರು. ಏನು ತೊಂದರೆ ಅಂತ ಕೇಳಿದೆ. "ಹರ್ನಿಯಾ ಅಂತ ಹೇಳವ್ರೆ ಕಣಪ್ಪ" ಅಂದರು. ನಾನು ಖುಷಿಯಲ್ಲಿ ಅದನ್ನೇ ಮುಖ್ಯ ತೊಂದರೆ ಅಂತ ಬರೆದುಕೊಂಡೆ. ಮೊದಲ ವಾಕ್ಯ ಹೇಳಿದ ಕೂಡಲೇ ಎಕ್ಸಾಮಿನರ್ ಪೆನ್ ಕೆಳಗಿಟ್ಟರು. "ಡಯಾಗ್ನೋಸಿಸ್ ಪೇಷೆಂಟೇ ಮಾಡಿ ಕೊಟ್ಟರಲ್ಲ, ನೀನ್ಯಾಕೆ ಬಂದೆ?" ಅಂದರು. ಅವರು ನಗಲಿಲ್ಲ.

ಅಲ್ಲಿಂದ ಕೈ ನಡುಗಿತು. ಎರಡನೇ ತಪ್ಪು ಇನ್ನೂ ದೊಡ್ಡದು. ತೋರಿಸು ಅಂದಾಗ ಅವರನ್ನು ಸೀದಾ ಮಂಚದ ಮೇಲೆ ಮಲಗಿಸಿದೆ. ಮಲಗಿದ ಮೇಲೆ ಊತ ಎಲ್ಲಿ? ಒಳಗೆ ಹೋಯಿತು. ಕೆಮ್ಮಿಸಿದೆ, ಏನೂ ಕಾಣಲಿಲ್ಲ. ಇಲ್ಲದ ಊತದ ಅಳತೆ ಹೇಳ್ತಾ ನಿಂತಿದ್ದೆ.

ಆರು ತಿಂಗಳು ಹೋಯಿತು. ರೂಮಿಗೆ ತಿಂಗಳಿಗೆ 4,500, ಮೆಸ್ಸಿಗೆ 3,200. ಅವೆರಡೇ 46,200 ರೂಪಾಯಿ. ಎಕ್ಸಾಂ ಫೀಸು, ಮನೆಯವರ ಮಾತು ಬೇರೆ. ಜೊತೆಯವರು ಇಂಟರ್ನ್‌ಶಿಪ್ ಬಟ್ಟೆಯಲ್ಲಿ ಕ್ಯಾಂಟೀನಿಗೆ ಬರೋರು, ನಾನು ಪುಸ್ತಕ ಹಿಡಿದು ಮೂಲೆಯಲ್ಲಿ.

ಆನರ್ಸ್ ಬಂತು: ಸಪ್ಲಿ ಅವರೇ, ಪಾಪ ಅನ್ನಿಸುತ್ತೆ, ಆದ್ರೆ ಇದು ಸ್ಕ್ರಿಪ್ಟ್ ಬಾಯಿಪಾಠ ಇಲ್ಲದ್ದರಿಂದ ಆಗಿದ್ದು. ನಾನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾ ದಿನಾ ಹೇಳಿಕೊಳ್ಳುತ್ತಿದ್ದೆ. ಏದುಸಿರಿನಲ್ಲೂ ಬರಬೇಕು, ಆಗ ಎಕ್ಸಾಮಿನರ್ ಎದುರಿಗೂ ಬರುತ್ತೆ. ನಿಂತಾಗ ನೋಡು, ಕೆಮ್ಮಿಸು, ಮಲಗಿಸು, ಊತ ಒಳಗೆ ಕಳಿಸು, ಮಿಡ್ ಇಂಗ್ವೈನಲ್ ಪಾಯಿಂಟ್‌ಗಿಂತ ಒಂದೂಕಾಲು ಸೆಂಟಿಮೀಟರ್ ಮೇಲೆ ಡೀಪ್ ರಿಂಗ್ ಒತ್ತು. ಮುಗೀತು. ನಾಲ್ಕು ನಿಮಿಷ.

ಪಿಜಿ ಸೆಕೆಂಡ್ ಇಯರ್: ಆ ಪಾಯಿಂಟ್ ತಪ್ಪು. ಮಿಡ್ ಇಂಗ್ವೈನಲ್ ಪಾಯಿಂಟ್ ಸೊಂಟದ ಮುಂಮೂಳೆಗೂ ಸಿಂಫಿಸಿಸ್‌ಗೂ ನಡುವೆ. ಅಲ್ಲಿ ಸಿಗೋದು ಫೀಮರಲ್ ನಾಡಿ. ಪುಸ್ತಕ ಹೇಳೋ ಡೀಪ್ ರಿಂಗ್ ಇಂಗ್ವೈನಲ್ ಲಿಗಮೆಂಟ್‌ನ ನಡುಬಿಂದುವಿನ ಮೇಲೆ. ಲಿಗಮೆಂಟ್ ಮುಗಿಯೋದು ಪ್ಯೂಬಿಕ್ ಟ್ಯೂಬರ್ಕಲ್‌ನಲ್ಲಿ, ಸಿಂಫಿಸಿಸ್‌ನಲ್ಲಲ್ಲ. ಎಕ್ಸಾಮಿನರ್ ಕೇಳೋ ಮೊದಲ ಪ್ರಶ್ನೆಯೇ ಇದು.

ಆನರ್ಸ್ ಬಂತು: ವ್ಯತ್ಯಾಸ ಒಂದು ಬೆರಳಿನಷ್ಟೂ ಇಲ್ಲ. ನಮ್ಮ ಎಕ್ಸಾಮಿನರ್ ಏನೂ ಅನ್ನಲಿಲ್ಲ.

ಪಿಜಿ ಸೆಕೆಂಡ್ ಇಯರ್: ಅನ್ನಲಿಲ್ಲ ಅಂದ್ರೆ ಗಮನಿಸಲಿಲ್ಲ ಅಂತ. ಹಾಗಂತ ಕಿರಿಯರಿಗೆ ತಪ್ಪು ಕಲಿಸೋದಾ?

ಕೇಳಿದವರಿಗೆ ನಾನು ಹೇಳಿದ ಕೇಸ್ ಬರೀತೀನಿ. 58 ವರ್ಷ, ಮದ್ದೂರು ಕಡೆಯವರು, ಆಲೆಮನೆಯಲ್ಲಿ ಕೆಲಸ. ಕಬ್ಬಿನ ಹೊರೆ ಎತ್ತೋದು, ಕೊಪ್ಪರಿಗೆ ಇಳಿಸೋದು. ಈ ಕೆಲಸದ ವಿವರ ಸುಮ್ನೆ ಅಲ್ಲ, ಆಮೇಲೆ ಕಾರಣ ಹೇಳುವಾಗ ಬೇಕಾಗುತ್ತೆ. ಮುಖ್ಯ ತೊಂದರೆ: ಬಲ ತೊಡೆಸಂದಿನಲ್ಲಿ ಎರಡು ವರ್ಷದಿಂದ ಊತ. ಅಷ್ಟೇ. ಹರ್ನಿಯಾ ಅನ್ನೋ ಪದ ಅಲ್ಲಿ ಇಲ್ಲ.

ಆಮೇಲೆ ಊತದ ಕಥೆ. ಮೊದಲು ನಿಂಬೆಹಣ್ಣಿನಷ್ಟಿತ್ತು, ಈಗ ಮೂಸಂಬಿಯಷ್ಟು. ನಿಂತಾಗ, ಕೆಮ್ಮಿದಾಗ ಬರುತ್ತೆ, ಮಲಗಿದರೆ ತಾನಾಗಿ ಹೋಗುತ್ತೆ. ಬೀಜದ ಚೀಲಕ್ಕೆ ಇಳಿದಿಲ್ಲ. ಇಲ್ಲಿ ಒಂದು ಉಸಿರು ತೆಗೆದುಕೊಂಡು ಇಲ್ಲದ್ದನ್ನು ಹೇಳಿದೆ: ಒಳಗೆ ಹೋಗದೆ ಸಿಕ್ಕಿಹಾಕಿಕೊಂಡಿದ್ದಿಲ್ಲ, ವಾಂತಿ ಇಲ್ಲ, ಹೊಟ್ಟೆ ಉಬ್ಬರ ಇಲ್ಲ, ಗಾಳಿ ಮಲ ನಿಂತಿದ್ದಿಲ್ಲ. ಕರುಳು ಕಟ್ಟಿಕೊಂಡಿಲ್ಲ ಅಂತ ತೋರಿಸೋದು ಈ ನಾಲ್ಕು ಮಾತು.

ಕೊನೆಗೆ ಹೊಟ್ಟೆಯೊಳಗೆ ಒತ್ತಡ ಹೆಚ್ಚಿಸೋದು ಏನಿದೆ ಅಂತ. ದಿನಕ್ಕೆ ಒಂದು ಕಟ್ಟು ಬೀಡಿ, ಮೂರು ತಿಂಗಳಿಂದ ಕೆಮ್ಮು. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳ್ತಾರೆ, ಮುಕ್ಕಿದರೆ ಮಾತ್ರ ಶುರುವಾಗುತ್ತೆ. "ಉಚ್ಚೆ ಹೊಯ್ಯೋಕೆ ಎಷ್ಟೊತ್ತು ನಿಲ್ತೀರಿ ಯಜಮಾನ್ರೇ?" ಅಂತ ಕೇಳಿದಾಗ "ಒಂದು ಬೀಡಿ ಮುಗಿಯೋಗಂಟ" ಅಂದರು. ಈ ಪ್ರಶ್ನೆ ಮರೆತರೆ ಟ್ರೀಟ್‌ಮೆಂಟ್‌ನಲ್ಲಿ ಅಲ್ಲೇ ಬೀಳ್ತೀರಿ.

ಡೆಂಟಲ್ ಫೈನಲ್ ಇಯರ್: ನಮ್ಮಲ್ಲಿ ಟ್ರೀಟ್‌ಮೆಂಟ್ ಪ್ಲಾನ್ ಹಂತ ಹಂತವಾಗಿ ಹೇಳಬೇಕು. ಮೊದಲು ನೋವು ಕೀವು ಇದ್ದರೆ ಅದು, ಆಮೇಲೆ ಕ್ಲೀನಿಂಗ್, ಆಮೇಲೆ ಉಳಿದ ಕೆಲಸ. ನಾನು ನೇರವಾಗಿ ಕ್ಯಾಪ್ ಹಾಕೋಣ ಅಂದೆ, ವಸಡಿನಿಂದ ರಕ್ತ ಬರ್ತಾ ಇತ್ತು. ಪೇಷೆಂಟನ್ನ ನಾನೇ ಹುಡುಕಿ ತಂದಿದ್ದೆ. ನಂಜನಗೂಡಿನಿಂದ ಆಟೋ 600, ಅವರಿಗೆ ಊಟ 120, ಮೂರು ಸಲ ಬಂದರು. ಕೊನೇ ದಿನ ಮೊಮ್ಮಗಳ ನಾಮಕರಣ ಅಂತ ಬರಲೇ ಇಲ್ಲ.

ಸಪ್ಲಿ ಸಂತ್ರಸ್ತ: ಇದು ಹರ್ನಿಯಾ ಚರ್ಚೆ ಕಣ್ರೀ.

ಡೆಂಟಲ್ ಫೈನಲ್ ಇಯರ್: ಟ್ರೀಟ್‌ಮೆಂಟ್ ಅಂತಾನೂ ಇತ್ತಲ್ಲ, ಅದಕ್ಕೆ ಬರೆದೆ. ಎಂಬಿಬಿಎಸ್ ಅವರಿಗೆ ನಾವು ಡಾಕ್ಟ್ರೇ ಅಲ್ಲ, ಗೊತ್ತು ಬಿಡಿ.

ಪಿಜಿ ಸೆಕೆಂಡ್ ಇಯರ್: ಮುಂದುವರಿಸ್ತೀನಿ. ಎಕ್ಸಾಮಿನೇಷನ್‌ನಲ್ಲಿ ಪರದೆ ಎಳೆದು, ಹೊಕ್ಕುಳಿಂದ ಅರ್ಧ ತೊಡೆಯವರೆಗೆ ಬಟ್ಟೆ ಸರಿಸಿ, ಮೊದಲು ನಿಲ್ಲಿಸಿ. ಮುಟ್ಟಬೇಡಿ, ಕೆಮ್ಮಿಸಿ ನೋಡಿ. ಆಮೇಲೆ ಬೆರಳಿಟ್ಟು ಕೆಮ್ಮಿಸಿ, ತಳ್ಳಿಸಿಕೊಂಡರೆ ಅದು ಕಾಫ್ ಇಂಪಲ್ಸ್. ಊತದ ಮೇಲ್ತುದಿ ಬೆರಳಿಗೆ ಸಿಗುತ್ತಾ ನೋಡಿ, ಹೈಡ್ರೋಸೀಲ್ ಆದರೆ ಸಿಗುತ್ತೆ, ಹರ್ನಿಯಾದಲ್ಲಿ ಸಿಗಲ್ಲ. ಪ್ಯೂಬಿಕ್ ಟ್ಯೂಬರ್ಕಲ್ ಹುಡುಕಿ, ಊತ ಅದರ ಮೇಲೆ ಒಳಗಡೆ ಇದ್ದರೆ ಇಂಗ್ವೈನಲ್, ಕೆಳಗೆ ಹೊರಗಡೆ ಇದ್ದರೆ ಫೀಮರಲ್.

ಈಗ ಮಲಗಿಸಿ. ಒಳಗೆ ಕಳಿಸೋವಾಗ ಕಿವಿ ಕೊಡಿ. ನನ್ನ ಕೇಸಲ್ಲಿ ಮೊದಲು ತಡೆದು, ಕೊನೆಗೆ ಗುಳುಗುಳು ಅಂತ ಸುಲಭವಾಗಿ ಹೋಯಿತು, ಅದು ಕರುಳು. ಕರುಳಿನ ಮುಂದಿನ ಕೊಬ್ಬಿನ ಪದರ, ಓಮೆಂಟಮ್, ಆಗಿದ್ದರೆ ಉಲ್ಟಾ, ಮೊದಲು ಹೋಗಿ ಕೊನೆಯದು ತಡೆಯುತ್ತೆ. ಡೀಪ್ ರಿಂಗ್ ಮೇಲೆ ಹೆಬ್ಬೆರಳು ಒತ್ತಿ, ತೆಗೆಯದೆ ಎಬ್ಬಿಸಿ ನಿಲ್ಲಿಸಿ ಕೆಮ್ಮಿಸಿದೆ. ಊತ ಬರಲಿಲ್ಲ. ಹೆಬ್ಬೆರಳು ತೆಗೆದೆ, ಬಂತು. ಡೀಪ್ ರಿಂಗ್ ಮೂಲಕವೇ ಬರ್ತಿದೆ ಅಂತಾಯ್ತು, ಅದಕ್ಕೆ ಇನ್‌ಡೈರೆಕ್ಟ್ ಅಂದೆ. ಇನ್ನೊಂದು ಬದಿ ನೋಡೋದು, ಎದೆ ಕೇಳೋದು ಬಿಡಬೇಡಿ. ಪ್ರಾಸ್ಟೇಟ್‌ಗೆ ಗುದಪರೀಕ್ಷೆ ಮಾಡಬೇಕೆಂದಿದ್ದೇನೆ ಅಂತಲೂ ಹೇಳಿ.

ಡಯಾಗ್ನೋಸಿಸ್ ಒಂದೇ ಉಸಿರಲ್ಲಿ: ಬಲಗಡೆಯ, ಇನ್‌ಡೈರೆಕ್ಟ್, ಇನ್‌ಕಂಪ್ಲೀಟ್, ರೆಡ್ಯೂಸಿಬಲ್, ಅನ್‌ಕಾಂಪ್ಲಿಕೇಟೆಡ್ ಇಂಗ್ವೈನಲ್ ಹರ್ನಿಯಾ, ಒಳಗೆ ಬಹುಶಃ ಕರುಳು, ಜೊತೆಗೆ ಹಳೇ ಕೆಮ್ಮು ಮತ್ತು ಮೂತ್ರಕ್ಕೆ ಅಡ್ಡಿ.

ತಾಲ್ಲೂಕು ಸರ್ಜನ್: ಚೆನ್ನಾಗಿ ಹೇಳಿದೀಯ ಮರಿ, ಆದ್ರೆ ಆ ಹೆಬ್ಬೆರಳಿನ ಪರೀಕ್ಷೆಯನ್ನು ಅಷ್ಟು ನಂಬಬೇಡ. ಇನ್‌ಡೈರೆಕ್ಟ್ ಅಂತ ಬರೆದು ಟೇಬಲ್ ಮೇಲೆ ತೆಗೆದರೆ ಎಪಿಗ್ಯಾಸ್ಟ್ರಿಕ್ ರಕ್ತನಾಳದ ಒಳಬದಿಯಲ್ಲಿ ಚೀಲ ಇರುತ್ತೆ, ಅಂದ್ರೆ ಡೈರೆಕ್ಟ್. ನನಗೆ ಎಷ್ಟೋ ಸಲ ಆಗಿದೆ. ವಯಸ್ಸಾದವರಿಗೆ ಎರಡಕ್ಕೂ ಅದೇ ಜಾಲರಿ ಹಾಕೋದು.

ಆನರ್ಸ್ ಬಂತು: ನೋಡಿದ್ರಾ? ಒಂದು ಬೆರಳಿನ ಪಾಯಿಂಟ್‌ಗೆ ನನ್ನ ಮೇಲೆ ಬಿದ್ದರು.

ಪಿಜಿ ಸೆಕೆಂಡ್ ಇಯರ್: ಸರ್, ಪರೀಕ್ಷೆ ಕೋಣೆಯಲ್ಲಿ ಎಕ್ಸಾಮಿನರ್‌ಗೆ ಆ ಮಾತು ಹೇಳಿದರೆ ನಾವು ಸಪ್ಲಿ ಸಂತ್ರಸ್ತರಾಗ್ತೀವಿ.

ಸಪ್ಲಿ ಸಂತ್ರಸ್ತ: ನನ್ನ ಹೆಸರನ್ನು ಗಾದೆ ಮಾಡಬೇಡಿ.

ತಾಲ್ಲೂಕು ಸರ್ಜನ್: ಹೇಳಬೇಡ, ಮನಸ್ಸಲ್ಲಿಟ್ಟುಕೋ. ನಾನು ಎಕ್ಸಾಮಿನರ್ ಆಗಿದ್ದಾಗ ಹುಡುಗರು ಬೀಳ್ತಿದ್ದದ್ದು ಕೊನೇ ಹೆಜ್ಜೆಯಲ್ಲಿ. ಟ್ರೀಟ್‌ಮೆಂಟ್ ಅಂದ ಕೂಡಲೇ "ಲಿಕ್ಟೆನ್‌ಸ್ಟೈನ್ ಮೆಶ್" ಅಂತ ಕೂಗೋರು. ಈ ಮದ್ದೂರಿನವರಿಗೆ ನಾಳೆಯೇ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿ ನೋಡು. ಸಂಜೆಗೆ ಮೂತ್ರ ಕಟ್ಟುತ್ತೆ, ರಾತ್ರಿ ಕೆಮ್ಮಿ ಕೆಮ್ಮಿ ಹೊಲಿಗೆ ಜಗ್ಗುತ್ತಾರೆ.

ಕ್ರಮ ಹೀಗೆ. ಮೊದಲು ಬೀಡಿ ನಿಲ್ಲಿಸೋದು, ಎದೆ ಎಕ್ಸ್‌ರೇ, ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದರೆ ಕಫ ಟಿಬಿಗೆ. ಮೂತ್ರ ಮಾಡಿದ ಮೇಲೆ ಎಷ್ಟು ಉಳಿಯುತ್ತೆ ಅಂತ ಸ್ಕ್ಯಾನ್, ಪ್ರಾಸ್ಟೇಟ್ ದೊಡ್ಡದಾಗಿದ್ದರೆ ಅದಕ್ಕೆ ಔಷಧ. ರಕ್ತ, ಸಕ್ಕರೆ, ಇಸಿಜಿ. ಇವು ಹದಕ್ಕೆ ಬಂದ ಮೇಲೆ ಮೆಶ್. ಒಪ್ಪಿಗೆ ತೆಗೆದುಕೊಳ್ಳುವಾಗ ಮತ್ತೆ ಬರಬಹುದು, ತೊಡೆಸಂದು ಮರಗಟ್ಟಬಹುದು, ನೋವು ಉಳಿಯಬಹುದು ಅಂತ ಹೇಳೋದು. ಸಿಕ್ಕಿಹಾಕಿಕೊಂಡು ವಾಂತಿ ಆದರೆ ಮಾತ್ರ ಇದ್ಯಾವುದಕ್ಕೂ ಕಾಯಬಾರದು.

ಅವರ ಮಗ: ನಾನು ಡಾಕ್ಟ್ರಲ್ಲ. ಹೋದ ವರ್ಷ ನಮ್ಮಪ್ಪ ಇಂಥ ಪರೀಕ್ಷೆಗೆ ಕೂತಿದ್ದರು. ಬೆಳಿಗ್ಗೆ ಎಂಟಕ್ಕೆ ಕರೆದುಕೊಂಡು ಹೋದೆ, ಮೂರು ಗಂಟೆವರೆಗೆ ಏಳು ಜನ ಬಂದರು. ಒಬ್ಬರಿಗೂ ಹೆಸರು ಕೇಳೋಕೆ ಪುರುಸೊತ್ತಿರಲಿಲ್ಲ. ಏಳೂ ಜನ ಒತ್ತಿದರು, ಕೆಮ್ಮಿಸಿದರು. ಐದನೆಯವನು ಪರದೆ ಎಳೆಯಲಿಲ್ಲ. ಅಪ್ಪ ಮನೆಗೆ ಬಂದು ಎರಡು ದಿನ ಊಟ ಮಾಡಲಿಲ್ಲ. ನಿಮ್ಮ ಸ್ಕ್ರಿಪ್ಟ್‌ನಲ್ಲಿ ಅದನ್ನು ಎಲ್ಲಿ ಹಾಕಿದಿರಿ?

ಆನರ್ಸ್ ಬಂತು: ಕಲಿಯದೆ ಡಾಕ್ಟರ್ ಆಗೋದು ಹೇಗೆ ಸಾರ್? ಯಾರಾದರೂ ಕೂರಲೇಬೇಕು.

ಅವರ ಮಗ: ಕೂರೋರು ನಿಮ್ಮಪ್ಪ ಆಗಿರಲ್ಲ, ಅದಕ್ಕೆ ಸುಲಭ.

ಪಿಜಿ ಸೆಕೆಂಡ್ ಇಯರ್: ಪರದೆ ಎಳೆಯೋದು ಅಂತ ನಾನು ಬರೆದಿದ್ದೇನೆ, ನೋಡಿ. ಆದ್ರೆ ಏಳು ಜನ ಅನ್ನೋದು ಜಾಸ್ತಿ ಆಯಿತು, ಒಪ್ಪಿದೆ. ಆಪರೇಷನ್ ಆಯ್ತಾ ಅವರಿಗೆ?

ಅವರ ಮಗ: ಇಲ್ಲ. ಕೆಮ್ಮು ನಿಂತ ಮೇಲೆ ಬನ್ನಿ ಅಂದರು. ಬೀಡಿ ಬಿಡೋರು ಯಾರು?

ತಾಲ್ಲೂಕು ಸರ್ಜನ್: ಎಷ್ಟು ತಿಂಗಳಿಂದ ಕೆಮ್ಮು ಅವರಿಗೆ? ಕಫ ಪರೀಕ್ಷೆ ಆಗಿದೆಯಾ?

ಹನ್ನೊಂದು ದಿನ ಬಾಕಿ: ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ: ಒಳಗೆ ಕಳಿಸುವಾಗ ಗುಳುಗುಳು ಕೇಳಿಸದಿದ್ದರೆ ಒಳಗಿರೋದು ಕರುಳೋ ಓಮೆಂಟಮ್ಮೋ ಹೇಗೆ ಹೇಳಲಿ?

ಡೆಂಟಲ್ ಫೈನಲ್ ಇಯರ್: ಅವರು ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲ್ವಾ?

ಆನರ್ಸ್ ಬಂತು: ಬೇಗ ನೆನಪಾಗಲ್ಲ, ಆದ್ರೆ ನಾನು "ಬಹುಶಃ ಕರುಳು" ಅಂದಿದ್ದೆ, ಪಾಸಾದೆ.

ಪಿಜಿ ಸೆಕೆಂಡ್ ಇಯರ್: ತೊಡೆಸಂದಿನ ಮೇಲೆ ಕೈ ಇಟ್ಟು ನೋಡಿ. ಹಿಟ್ಟಿನ ಉಂಡೆ ಹಾಗೆ ಮೆತ್ತಗೆ ಇದ್ದರೆ ಓಮೆಂಟಮ್. ಎರಡೂ ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತಲೇ ಹೇಳಿ. ಕಾರಣ ಇಲ್ಲದೆ "ಬಹುಶಃ" ಅಂದರೆ ಯಾಕೆ ಅಂತ ಕೇಳ್ತಾರೆ.